ಅರ್ಧಕ್ಕೆ ನಿಲ್ಲಿಸಿದ ಸ್ಪ್ರಿಂಟ್‌ನ ಟಿಕೆಟ್‌ಗಳನ್ನು ಏನು ಮಾಡುವುದು?

ಪ್ರಶ್ನೆ: ನಮ್ಮದು ಎರಡು ವಾರದ ಸ್ಪ್ರಿಂಟ್, ಹತ್ತು ಕೆಲಸದ ದಿನ. ಇವತ್ತು ಐದನೇ ದಿನ. ಹೊಸ ಪೇಮೆಂಟ್ ಕಂಪನಿಯೊಂದನ್ನು ನಮ್ಮ ಆ್ಯಪ್‌ಗೆ ಜೋಡಿಸುವುದೇ ಈ ಸ್ಪ್ರಿಂಟ್‌ನ ಗುರಿ. ನಿನ್ನೆ ಆ ಕಂಪನಿಯ ಜೊತೆಗಿನ ಒಪ್ಪಂದವೇ ಮುರಿದುಬಿತ್ತು. ಜಿರಾದಲ್ಲಿ 11 ಟಿಕೆಟ್, ಒಟ್ಟು 34 ಪಾಯಿಂಟ್ ಇವೆ. ಪಟ್ಟಿ ಜೊತೆಗೆ ಕಳಿಸಿದ್ದೇನೆ. ಪ್ರಾಡಕ್ಟ್ ಓನರ್ “ರೀಸೆಟ್ ಮಾಡೋಣ, ಹಳೇದನ್ನೆಲ್ಲಾ ಬ್ಯಾಕ್‌ಲಾಗ್‌ಗೆ ಎಳೆದುಹಾಕಿ ಹೊಸ ಟಿಕೆಟ್ ಇದೇ ಸ್ಪ್ರಿಂಟ್‌ಗೆ ಸೇರಿಸಿ” ಅಂತಾರೆ. ಮ್ಯಾನೇಜರ್ “ವೆಲಾಸಿಟಿ ಹಾಳಾಗುತ್ತೆ, ಸ್ಪ್ರಿಂಟನ್ನೇ ಡಿಲೀಟ್ ಮಾಡಿ” ಅಂತಾರೆ. ನಾನು ಸ್ಕ್ರಮ್ ಮಾಸ್ಟರ್. ಏನು ಮಾಡಲಿ?

ಉತ್ತರ: ಎರಡೂ ಬೇಡ. ಈ ಸ್ಪ್ರಿಂಟನ್ನು ಟಿಕೆಟ್‌ಗಳು ಈಗ ಇರುವ ಸ್ಥಿತಿಯಲ್ಲೇ ಮುಗಿಸಿ. ಅಂದರೆ ಯಾವ ಟಿಕೆಟನ್ನೂ ಹೊರಗೆ ಎಳೆಯದೆ, ಯಾವುದರ ಸ್ಟೇಟಸನ್ನೂ ತಿದ್ದದೆ, ಜಿರಾದ Complete sprint ಒತ್ತಿ. ಉಳಿದ ಐದು ದಿನಕ್ಕೆ ಹೊಸ ಗುರಿ ಇಟ್ಟುಕೊಂಡು ಒಂದು ಚಿಕ್ಕ ಸ್ಪ್ರಿಂಟ್ ಶುರು ಮಾಡಿ. ಯಾಕೆ ಹೀಗೆ ಅನ್ನುವುದು ಟಿಕೆಟ್‌ಗಳನ್ನೂ ರಿಪೋರ್ಟ್‌ಗಳನ್ನೂ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಮೊದಲು, ಇದು ನಿಜವಾಗಿಯೂ ರದ್ದು ಮಾಡುವಂಥ ಪ್ರಸಂಗವೇ ಎಂದು ನೋಡೋಣ. 2020ರ ಸ್ಕ್ರಮ್ ಗೈಡ್ ಈ ಬಗ್ಗೆ ಎರಡೇ ಮಾತು ಹೇಳುತ್ತದೆ. ಸ್ಪ್ರಿಂಟ್‌ನ ಗುರಿಗೆ ಅರ್ಥ ಉಳಿಯದಿದ್ದರೆ ಅದನ್ನು ರದ್ದು ಮಾಡಬಹುದು. ಹಾಗೆ ಮಾಡುವ ಅಧಿಕಾರ ಪ್ರಾಡಕ್ಟ್ ಓನರ್‌ಗೆ ಮಾತ್ರ ಇದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಉಳಿದ ಕೆಲಸವನ್ನೆಲ್ಲಾ ಇವತ್ತೇ ಯಾರೋ ಮುಗಿಸಿಕೊಟ್ಟರೂ ಅದರಿಂದ ಯಾರಿಗಾದರೂ ಉಪಯೋಗ ಇದೆಯೇ? ನಿಮ್ಮಲ್ಲಿ ಇಲ್ಲ. ಒಪ್ಪಂದವೇ ಹೋದ ಮೇಲೆ ಆ ಜೋಡಣೆ ಯಾರಿಗೂ ಬೇಡ. ಆದ್ದರಿಂದ ರದ್ದು ಸರಿಯಾದ ತೀರ್ಮಾನ.

ಆದರೆ ಬೇರೆ ತಂಡದವರೂ ಇದನ್ನು ಓದುತ್ತಿರಬಹುದು, ಅದಕ್ಕೇ ಹೇಳಿಬಿಡುತ್ತೇನೆ. ಕೆಲಸ ಹಿಂದೆ ಬಿದ್ದಿದೆ ಎನ್ನುವುದು ರದ್ದು ಮಾಡಲು ಕಾರಣವಲ್ಲ. ಆಗ ಪ್ರಾಡಕ್ಟ್ ಓನರ್ ಜೊತೆ ಕೂತು, ಗುರಿಗೆ ಅಷ್ಟು ಮುಖ್ಯವಲ್ಲದ ಒಂದೆರಡು ಟಿಕೆಟ್ ಕೈಬಿಟ್ಟರೆ ಸಾಕು. ಪ್ರೊಡಕ್ಷನ್‌ನಲ್ಲಿ ದೊಡ್ಡ ಬಗ್ ಬಂದು ಇಬ್ಬರು ಎರಡು ದಿನ ಅದಕ್ಕೇ ಅಂಟಿಕೊಂಡರೂ ಗುರಿ ಬದುಕಿದೆ, ಅಲ್ವಾ? ಆಗಲೂ ಅದಲು ಬದಲು ಮಾಡಿಕೊಂಡು ಮುಂದೆ ಹೋಗಬೇಕು. ಇನ್ನು ಜಿರಾದಲ್ಲಿ Sprint goal ಜಾಗವನ್ನು ಖಾಲಿ ಬಿಟ್ಟು ಓಡುವ ಸ್ಪ್ರಿಂಟ್‌ಗಳು ಜಾಸ್ತಿ. ಅಂಥ ಸ್ಪ್ರಿಂಟ್‌ಗೆ ಹಳೆಯದಾಗಲು ಗುರಿಯೇ ಇಲ್ಲ. ಅಲ್ಲಿ “ರದ್ದು” ಎನ್ನುವ ಚರ್ಚೆಯೆಲ್ಲಾ ಬರೀ ಟಿಕೆಟ್ ಜಗ್ಗಾಟ.

ಅಧಿಕಾರದ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಜಿರಾದಲ್ಲಿ Manage sprints ಅನುಮತಿ ಇರುವ ಯಾರು ಬೇಕಾದರೂ ಸ್ಪ್ರಿಂಟ್ ಮುಗಿಸಬಹುದು. ಬಟನ್ ಒತ್ತುವ ಕೈ ನಿಮ್ಮದಿರಬಹುದು. ತೀರ್ಮಾನ ಮಾತ್ರ ಪ್ರಾಡಕ್ಟ್ ಓನರ್ ಬಾಯಿಂದ, ಇಡೀ ತಂಡದ ಎದುರು ಬರಲಿ. ಮ್ಯಾನೇಜರ್ ಸಲಹೆ ಕೊಡಬಹುದು, ಅಷ್ಟೇ.

ಈಗ ನೀವು ಕಳಿಸಿದ ಪಟ್ಟಿ ನೋಡೋಣ. ಮುಗಿದದ್ದು 3 ಟಿಕೆಟ್, 8 ಪಾಯಿಂಟ್. ನಡೆಯುತ್ತಿರುವುದು 3 ಟಿಕೆಟ್, 16 ಪಾಯಿಂಟ್: 8ರ ಒಂದು, 5ರ ಒಂದು, 3ರ ಒಂದು. ಇನ್ನೂ ಮುಟ್ಟದೇ ಇರುವುದು 5 ಟಿಕೆಟ್, 10 ಪಾಯಿಂಟ್. ಇವುಗಳಲ್ಲಿ ಪೇಮೆಂಟ್ ಕಂಪನಿಗೆ ಸಂಬಂಧವೇ ಇಲ್ಲದೆ ಉಳಿಯುವುದು ಎರಡು. ಒಂದು, ರಿವ್ಯೂ ಹಂತಕ್ಕೆ ಬಂದಿರುವ 5 ಪಾಯಿಂಟ್‌ನ ಆರ್ಡರ್ ಇತಿಹಾಸದ ಪುಟ. ಇನ್ನೊಂದು, ಮುಟ್ಟದೇ ಇರುವ 2 ಪಾಯಿಂಟ್‌ನ ಸಣ್ಣ ತಿದ್ದುಪಡಿ. ಉಳಿದ 19 ಪಾಯಿಂಟ್ ಒಪ್ಪಂದದ ಜೊತೆಗೇ ಹೋಯಿತು. ಲೆಕ್ಕ ನೆನಪಿರಲಿ: ಮುಗಿದದ್ದು 8, ಬದುಕಿದ್ದು 7, ಸತ್ತದ್ದು 19.

ಪ್ರಾಡಕ್ಟ್ ಓನರ್ ಹೇಳಿದಂತೆ ಮಾಡಿದರೆ ಏನಾಗುತ್ತದೆ? ಸತ್ತ 19 ಪಾಯಿಂಟನ್ನು ಬ್ಯಾಕ್‌ಲಾಗ್‌ಗೆ ಎಳೆಯುತ್ತೀರಿ. ಹಳೇ ಪೇಮೆಂಟ್ ವ್ಯವಸ್ಥೆಯಲ್ಲಿ ರೀಫಂಡ್ ಸರಿಪಡಿಸುವ 6 ಪಾಯಿಂಟ್‌ನ ಹೊಸ ಟಿಕೆಟ್‌ಗಳನ್ನು ಒಳಗೆ ತರುತ್ತೀರಿ ಎಂದಿಟ್ಟುಕೊಳ್ಳೋಣ. ಬರ್ನ್‌ಡೌನ್ ಚಾರ್ಟ್‌ನಲ್ಲಿ ಐದನೇ ದಿನ 26ರಲ್ಲಿದ್ದ ಗೆರೆ ಒಂದೇ ಏಟಿಗೆ 7ಕ್ಕೆ ಬೀಳುತ್ತದೆ, ಮತ್ತೆ 13ಕ್ಕೆ ಏರುತ್ತದೆ. ಚಾರ್ಟ್‌ನ ಕೆಳಗಿನ ಪಟ್ಟಿಯಲ್ಲಿ ಇದೆಲ್ಲಾ ಸ್ಕೋಪ್ ಬದಲಾವಣೆ ಎಂದು ಬರೆದಿರುತ್ತದೆ, ನಿಜ. ಆದರೆ ಅದನ್ನು ಓದುವವರು ಯಾರು? ದೂರದಿಂದ ನೋಡಿದವರಿಗೆ ತಂಡ ಒಂದೇ ದಿನದಲ್ಲಿ 19 ಪಾಯಿಂಟ್ ಕೆಲಸ ಮುಗಿಸಿದ ಹಾಗೇ ಕಾಣುತ್ತದೆ.

ವೆಲಾಸಿಟಿ ಚಾರ್ಟ್‌ನಲ್ಲಿ ಇದರ ಉಲ್ಟಾ. ಅಲ್ಲಿ ಕಮಿಟ್‌ಮೆಂಟ್ ಎನ್ನುವ ಬೂದು ಕಂಬ, ಸ್ಪ್ರಿಂಟ್ ಶುರುವಾದ ಗಳಿಗೆಯಲ್ಲಿ ಒಳಗೆ ಇದ್ದ ಪಾಯಿಂಟ್‌ಗಳ ಮೊತ್ತ. ಆಮೇಲೆ ನೀವು ಎಷ್ಟೇ ತೆಗೆದರೂ ಸೇರಿಸಿದರೂ ಅದು 34ರಲ್ಲೇ ಕೂತಿರುತ್ತದೆ. ಹಸಿರು ಕಂಬ ಮಾತ್ರ ಕೊನೆಯಲ್ಲಿ ಮುಗಿದದ್ದನ್ನೆಲ್ಲಾ ಎಣಿಸುತ್ತದೆ. ತಂಡ ಎರಡನೇ ವಾರ ಒಂದೂ ಬಿಡದೆ ಎಲ್ಲಾ ಮುಗಿಸಿದರೂ 8, 7, 6 ಸೇರಿ 21. ಚಾರ್ಟ್ ಹೇಳುವುದು “34 ಒಪ್ಪಿಕೊಂಡರು, 21 ಕೊಟ್ಟರು” ಎಂದು. ಒಪ್ಪಂದ ಮುರಿದದ್ದು ಅದರಲ್ಲಿ ಎಲ್ಲೂ ಇಲ್ಲ. ಮೂರು ತಿಂಗಳ ನಂತರ ಅದನ್ನು ನೋಡುವವರಿಗೆ ಈ ತಂಡ ಮಾತು ತಪ್ಪಿದ ತಂಡ.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಟಿಕೆಟ್‌ನ ಒಳಗೆ ಆಗುತ್ತದೆ, ಮತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಡೆಯುತ್ತಿರುವ ಸ್ಪ್ರಿಂಟ್‌ನಿಂದ ಟಿಕೆಟನ್ನು ಎಳೆದು ಬ್ಯಾಕ್‌ಲಾಗ್‌ಗೆ ಹಾಕಿದರೆ, ಅದರ Sprint ಫೀಲ್ಡ್‌ನಿಂದ ಆ ಸ್ಪ್ರಿಂಟ್‌ನ ಹೆಸರು ಅಳಿಸಿಹೋಗುತ್ತದೆ. ಟಿಕೆಟ್‌ನ ಹಿಸ್ಟರಿ ತೆಗೆದು ಹುಡುಕಿದರೆ ಮಾತ್ರ ಸಿಗುತ್ತದೆ. ಅದೇ ಟಿಕೆಟ್ ಸ್ಪ್ರಿಂಟ್ ಮುಗಿಯುವಾಗ ಒಳಗೇ ಇದ್ದು, ಆಮೇಲೆ ಬ್ಯಾಕ್‌ಲಾಗ್‌ಗೆ ಹೋದರೆ, ಮುಗಿದ ಸ್ಪ್ರಿಂಟ್‌ನ ಹೆಸರು ಫೀಲ್ಡ್‌ನಲ್ಲೇ ಉಳಿಯುತ್ತದೆ. ಮುಂದಿನ ಸ್ಪ್ರಿಂಟ್‌ಗೆ ಸೇರಿಸಿದಾಗ ಹೊಸ ಹೆಸರು ಅದರ ಪಕ್ಕಕ್ಕೆ ಬಂದು ಕೂರುತ್ತದೆ. ಆರು ತಿಂಗಳ ಮೇಲೆ “ಆ ಪೇಮೆಂಟ್ ಸ್ಪ್ರಿಂಟ್‌ನಲ್ಲಿ ಏನೇನಿತ್ತು?” ಎಂದು ಯಾರಾದರೂ ಕೇಳಿದರೆ ಒಂದು ಸಾಲು ಸಾಕು:

```
sprint = 412 ORDER BY status
```

412 ಜಾಗದಲ್ಲಿ ನಿಮ್ಮ ಸ್ಪ್ರಿಂಟ್‌ಗೆ ಜಿರಾ ಕೊಟ್ಟಿರುವ ID ನಂಬರ್ ಹಾಕಿ, ಹೆಸರಿನಲ್ಲಿರುವ ನಂಬರ್ ಅಲ್ಲ. ಟಿಕೆಟ್‌ಗಳನ್ನು ಎಳೆಯದೆ ಮುಗಿಸಿದ್ದರೆ 11 ಬರುತ್ತವೆ. ಎಳೆದುಹಾಕಿದ್ದರೆ ಸತ್ತ ಟಿಕೆಟ್‌ಗಳು ಒಂದೂ ಬರುವುದಿಲ್ಲ. ನಿಮಗೆ ಆಗ ಬೇಕಾಗಿರುವುದು ಅವೇ ಆಗಿರುತ್ತವೆ.

ಡಿಲೀಟ್ ಮಾಡುವ ಸಲಹೆಗೆ ಜಾಸ್ತಿ ಸಮಯ ಬೇಡ. ಡಿಲೀಟ್ ಆದ ಸ್ಪ್ರಿಂಟ್ ವೆಲಾಸಿಟಿ ಚಾರ್ಟ್‌ನಲ್ಲೂ ಇರುವುದಿಲ್ಲ, ಸ್ಪ್ರಿಂಟ್ ರಿಪೋರ್ಟ್‌ನಲ್ಲೂ ಇರುವುದಿಲ್ಲ. ಒಳಗಿದ್ದ ತೆರೆದ ಟಿಕೆಟ್‌ಗಳು ಬ್ಯಾಕ್‌ಲಾಗ್‌ಗೆ ಬಂದು ಬೀಳುತ್ತವೆ. ಐದು ದಿನ ತಂಡ ನಿಜವಾಗಿ ಮಾಡಿ ಮುಗಿಸಿದ 8 ಪಾಯಿಂಟ್ ಕೂಡ ಯಾವ ಸ್ಪ್ರಿಂಟ್‌ನ ಲೆಕ್ಕಕ್ಕೂ ಸೇರದೆ ಹೋಗುತ್ತದೆ. ಒಂದು ಚಾರ್ಟ್ ಚೆನ್ನಾಗಿ ಕಾಣಲಿ ಎಂದು ವಾರದ ದಾಖಲೆಯನ್ನೇ ಸುಡುವುದು ಯಾವ ಲೆಕ್ಕ? ಡಿಲೀಟ್ ಇರುವುದು ತಪ್ಪಾಗಿ ಸೃಷ್ಟಿಸಿದ, ಇನ್ನೂ ಶುರುವಾಗದ ಸ್ಪ್ರಿಂಟ್‌ಗಳಿಗೆ.

ಮೂರನೇ ದಾರಿಯೊಂದನ್ನು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ: ಸೆಟ್ಟಿಂಗ್‌ನಲ್ಲಿ Parallel sprints ಆನ್ ಮಾಡಿ, ಹಳೆಯದನ್ನು ಹಾಗೇ ಓಡಲು ಬಿಟ್ಟು ಹೊಸದನ್ನು ಶುರು ಮಾಡೋಣ ಎಂದು. ಬೇಡ. openSprints() ಬಳಸಿದ ಪ್ರತಿ ಫಿಲ್ಟರ್, ಪ್ರತಿ ಡ್ಯಾಶ್‌ಬೋರ್ಡ್ ಅವತ್ತಿನಿಂದ ಎರಡನ್ನೂ ಕಲಸಿ ತೋರಿಸುತ್ತದೆ.

ಸರಿ, ಈಗ ಮಾಡುವ ಕ್ರಮ. ಜಿರಾದಲ್ಲಿ ರದ್ದು ಎನ್ನುವ ಬಟನ್ ಇಲ್ಲ. ಇರುವುದು Complete sprint ಮಾತ್ರ. ಅದು ಗೆದ್ದ ಸ್ಪ್ರಿಂಟ್‌ಗೂ ರದ್ದಾದ ಸ್ಪ್ರಿಂಟ್‌ಗೂ ಒಂದೇ ಮುದ್ರೆ ಒತ್ತುತ್ತದೆ. ಹಾಗಾಗಿ ರದ್ದಾಯಿತು ಎನ್ನುವುದನ್ನು ನೀವೇ ಬರೆದಿಡಬೇಕು. ಬಟನ್ ಒತ್ತುವ ಮೊದಲು ಸ್ಪ್ರಿಂಟ್‌ನ ಮೂರು ಚುಕ್ಕಿ ಮೆನುವಿನಲ್ಲಿ Edit sprint ತೆಗೆದು ಹೆಸರಿನ ಕೊನೆಗೆ “ರದ್ದು” ಎಂದು ಸೇರಿಸಿ. ಹೆಸರು ಚಿಕ್ಕದಾಗಿರಲಿ, ಚಾರ್ಟ್‌ನ ಕೆಳಗೆ ಕಾಣುವುದು ಅದೇ. ಹಳೇ ಗುರಿಯನ್ನು ಅಳಿಸಬೇಡಿ. ಅದರ ಕೆಳಗೆ ಒಂದು ಸಾಲು ಸೇರಿಸಿ: ಯಾವ ದಿನ, ಯಾಕೆ, ಯಾರ ತೀರ್ಮಾನ.

ಮುಗಿಸುವ ಮೊದಲು ಬೋರ್ಡಿನ ಬಲತುದಿಯ ಕಾಲಂ ಒಮ್ಮೆ ನೋಡಿ. ಜಿರಾ “ಮುಗಿದಿದೆ” ಎಂದು ಎಣಿಸುವುದು ಆ ಕೊನೆಯ ಕಾಲಂಗೆ ಜೋಡಿಸಿದ ಸ್ಟೇಟಸ್‌ಗಳನ್ನು ಮಾತ್ರ. ರಿಸೊಲ್ಯೂಷನ್ ಏನಿದೆ ಎಂದು ಅದು ಕೇಳುವುದಿಲ್ಲ. ನಿಮ್ಮ ಬೋರ್ಡಿನಲ್ಲಿ Done ಆದ ಮೇಲೂ “ರಿಲೀಸ್‌ಗೆ ಸಿದ್ಧ” ಎನ್ನುವಂಥ ಇನ್ನೊಂದು ಕಾಲಂ ಇದ್ದರೆ, ನಿಮ್ಮ 8 ಪಾಯಿಂಟ್‌ನಲ್ಲಿ ಕೆಲವು ಮುಗಿಯದ ಪಟ್ಟಿಗೆ ಹೋಗಿ ಸೇರುತ್ತವೆ.

ಇಲ್ಲೇ ಎಲ್ಲರೂ ಬೀಳುವ ಹಳ್ಳವೂ ಇದೆ. ಒಪ್ಪಂದ ಮುರಿದ ಸುದ್ದಿ ಬಂದ ತಕ್ಷಣ ಯಾರಾದರೂ ಉತ್ಸಾಹಿ ಡೆವಲಪರ್ ಕೂತು, ಸತ್ತ ಟಿಕೆಟ್‌ಗಳನ್ನೆಲ್ಲಾ Won't Do ಎಂದು ರಿಸೊಲ್ವ್ ಮಾಡಿ Done ಕಾಲಂಗೆ ತಳ್ಳಿಬಿಡುತ್ತಾರೆ. ಸುಮ್ನೆ ಸ್ವಚ್ಛ ಮಾಡುವ ಉದ್ದೇಶ, ತಪ್ಪೇನಿಲ್ಲ. ಆದರೆ ಸ್ಪ್ರಿಂಟ್ ಇನ್ನೂ ತೆರೆದಿದೆ. ಆ 19 ಪಾಯಿಂಟ್ ಕೊನೆಯ ಕಾಲಂನಲ್ಲಿ ಕೂತಿದೆ. ನೀವು Complete sprint ಒತ್ತಿದರೆ ವೆಲಾಸಿಟಿ 8 ಬದಲು 27 ಬರುತ್ತದೆ. ಯಾರೂ ಮಾಡದ ಕೆಲಸಕ್ಕೆ ಪಾಯಿಂಟ್. ನಿಮ್ಮ ಮ್ಯಾನೇಜರ್‌ಗೆ ಆ ಅಂಕಿ ಬಹಳ ಇಷ್ಟವಾಗಬಹುದು, ಅದು ಬೇರೆ ಮಾತು. ಇದು ಆಗಿದೆಯೋ ಇಲ್ಲವೋ ಎಂದು ಹೀಗೆ ನೋಡಿ:

```
sprint = 412 AND resolution = "Won't Do"
```

ಒಂದಾದರೂ ಬಂದರೆ, ಸ್ಪ್ರಿಂಟ್ ಮುಗಿಸುವ ಮೊದಲು ಅದನ್ನು ಮೊದಲಿದ್ದ ಸ್ಟೇಟಸ್‌ಗೆ ವಾಪಸ್ ತನ್ನಿ. ಸ್ಟೇಟಸ್ ಹಿಂದಕ್ಕೆ ಬಂದರೂ ರಿಸೊಲ್ಯೂಷನ್ ಕೆಲವು ವರ್ಕ್‌ಫ್ಲೋಗಳಲ್ಲಿ ತಾನಾಗಿ ಅಳಿಯುವುದಿಲ್ಲ, ಅದನ್ನೂ ಗಮನಿಸಿ. Won't Do ಕೆಲಸ ಸ್ಪ್ರಿಂಟ್ ಮುಗಿದ ಮೇಲೆ.

ಇನ್ನು ಮೂರು ಚಿಕ್ಕ ವಿಷಯ. ಪೇರೆಂಟ್ ಟಿಕೆಟ್ Done ಆಗಿದ್ದು ಅದರ ಸಬ್‌ಟಾಸ್ಕ್ ತೆರೆದೇ ಇದ್ದರೆ ಜಿರಾ ಸ್ಪ್ರಿಂಟ್ ಮುಗಿಸಲು ಬಿಡುವುದಿಲ್ಲ. ಆ ಸಬ್‌ಟಾಸ್ಕ್ ನಿಜವಾಗಿ ಆಗಿದೆಯೇ ಎಂದು ಮಾಡಿದವರನ್ನೇ ಕೇಳಿ, ನೀವೇ ಊಹಿಸಿ ಮುಚ್ಚಬೇಡಿ. ಎರಡನೆಯದು, ಇದೇ ಸ್ಪ್ರಿಂಟ್‌ನಲ್ಲಿ ಬೇರೆ ತಂಡದ ಟಿಕೆಟ್ ಇದೆಯೇ ನೋಡಿ. ಒಂದು ಸ್ಪ್ರಿಂಟ್ ಹಲವು ಬೋರ್ಡ್‌ಗಳಲ್ಲಿ ಕಾಣುತ್ತಿದ್ದರೆ, ನೀವು ಮುಗಿಸಿದಾಗ ಅದು ಎಲ್ಲರಿಗೂ ಮುಗಿಯುತ್ತದೆ. ಮೇಲಿನ ಸಾಲಿನಲ್ಲೇ resolution ಬದಲು project != ಎಂದು ನಿಮ್ಮ ಪ್ರಾಜೆಕ್ಟ್ ಕೀ ಹಾಕಿದರೆ ಹೊರಗಿನವು ಸಿಗುತ್ತವೆ. ಮೂರನೆಯದು, ಆಟೋಮೇಷನ್. Sprint completed ಎನ್ನುವ ಟ್ರಿಗರ್ ಮೇಲೆ ಯಾರಾದರೂ ರೂಲ್ ಬರೆದಿದ್ದರೆ, ರದ್ದಾದ ಸ್ಪ್ರಿಂಟ್‌ಗೂ ಅದು ಓಡುತ್ತದೆ. “ಈ ಸ್ಪ್ರಿಂಟ್‌ನಲ್ಲಿ ನಾವು ಮುಗಿಸಿದ್ದು” ಎಂಬ ಶೀರ್ಷಿಕೆಯ ಮೇಲ್ ಅವತ್ತು ಎಲ್ಲರಿಗೂ ಹೋಗುವುದು ಬೇಡ. ಒಂದು ಗಂಟೆ ಆ ರೂಲ್ ಆಫ್ ಮಾಡಿಡಿ.

Complete sprint ಒತ್ತಿದಾಗ, ತೆರೆದ ಟಿಕೆಟ್‌ಗಳನ್ನು ಎಲ್ಲಿಗೆ ಕಳಿಸಬೇಕು ಎಂದು ಜಿರಾ ಕೇಳುತ್ತದೆ: ಬ್ಯಾಕ್‌ಲಾಗ್‌ಗೋ, ಮುಂದಿನ ಸ್ಪ್ರಿಂಟ್‌ಗೋ, ಹೊಸ ಸ್ಪ್ರಿಂಟ್‌ಗೋ. ಎಲ್ಲಾ ಎಂಟೂ ಒಂದೇ ಕಡೆ ಹೋಗುತ್ತವೆ, ಬಿಡಿಬಿಡಿಯಾಗಿ ಆರಿಸಲು ಅಲ್ಲಿ ಆಗುವುದಿಲ್ಲ. ಬ್ಯಾಕ್‌ಲಾಗ್ ಆರಿಸಿ. ಮುಂದಿನ ಸ್ಪ್ರಿಂಟ್ ಆರಿಸಿದರೆ ಸತ್ತ ಟಿಕೆಟ್‌ಗಳೂ ಹೊಸ ಸ್ಪ್ರಿಂಟ್‌ಗೆ ಬಂದು ಕೂರುತ್ತವೆ. ಗಮನಿಸದೆ ಶುರು ಮಾಡಿಬಿಟ್ಟರೆ ಅದರ ಕಮಿಟ್‌ಮೆಂಟ್ ಮೊದಲ ಗಳಿಗೆಯಲ್ಲೇ ಉಬ್ಬಿಹೋಗುತ್ತದೆ.

ಮುಗಿಸಿದ ಕೂಡಲೇ ಸ್ಪ್ರಿಂಟ್ ರಿಪೋರ್ಟ್ ತೆರೆದು ನೋಡಿ. ಮುಗಿದ ಪಟ್ಟಿಯಲ್ಲಿ 3, ಮುಗಿಯದ ಪಟ್ಟಿಯಲ್ಲಿ 8, ತೆಗೆದುಹಾಕಿದ ಪಟ್ಟಿ ಖಾಲಿ. ಹೀಗಿದ್ದರೆ ಸರಿಯಾಗಿದೆ. (ಹಳೇ ಜಿರಾದಲ್ಲಿ issue ಎಂದಿದ್ದದ್ದು ಈಗಿನ ಕ್ಲೌಡ್‌ನಲ್ಲಿ work item ಎಂದು ಕಾಣುತ್ತದೆ. ಗಾಬರಿ ಬೇಡ, ಅದೇ ಇದು.) ಅಂಕಿ ಹೊಂದದಿದ್ದರೆ ಅದೇ ರಿಪೋರ್ಟ್‌ನ ಮೆನುವಿನಲ್ಲಿ Reopen sprint ಇದೆ. ಅದನ್ನು ಬಳಸುವುದಾದರೆ ಹೊಸ ಸ್ಪ್ರಿಂಟ್ ಶುರು ಮಾಡುವ ಮೊದಲೇ ಬಳಸಿ. ಆಮೇಲೆ ಎರಡರ ಟಿಕೆಟ್‌ಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ.

ಈಗ ಟಿಕೆಟ್‌ಗಳ ಸರದಿ. ಮುಗಿದ ಮೂರನ್ನು ತಂಡ ಮತ್ತು ಪ್ರಾಡಕ್ಟ್ ಓನರ್ ಕೂತು ಒಮ್ಮೆ ನೋಡಿ. 2017ರ ಸ್ಕ್ರಮ್ ಗೈಡ್‌ನಲ್ಲಿ ಈ ಮಾತು ಬಿಡಿಸಿ ಬರೆದಿತ್ತು: ಮುಗಿದದ್ದನ್ನು ರಿವ್ಯೂ ಮಾಡಬೇಕು, ಬಿಡುಗಡೆ ಮಾಡಬಹುದಾದ್ದನ್ನು ಪ್ರಾಡಕ್ಟ್ ಓನರ್ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ, ಮುಗಿಯದ್ದನ್ನು ಮತ್ತೆ ಅಂದಾಜು ಮಾಡಿ ಬ್ಯಾಕ್‌ಲಾಗ್‌ಗೆ ಹಾಕಬೇಕು ಎಂದು. 2020ರಲ್ಲಿ ಆ ವಿವರ ಬಿಟ್ಟುಹೋಯಿತು. ಕೆಲಸಕ್ಕೆ ಮಾತ್ರ ಅದು ಈಗಲೂ ಬರುತ್ತದೆ. ನಿಮ್ಮ ಮೂರರಲ್ಲಿ ಎರರ್ ಲಾಗಿಂಗ್ ಸುಧಾರಿಸಿದ ಟಿಕೆಟ್ ಹಳೇ ವ್ಯವಸ್ಥೆಗೂ ಬೇಕು, ಅದು ಬಿಡುಗಡೆಗೆ ಹೋಗಲಿ. ಹೊಸ ಕಂಪನಿಯ ಪಾವತಿ ಪರದೆ ಇನ್ನು ಬೇಡ. ಅದು ಫೀಚರ್ ಫ್ಲ್ಯಾಗ್ ಹಿಂದೆ ಇದ್ದರೆ ಫ್ಲ್ಯಾಗ್ ಆಫ್ ಆಗಿರಲಿ. ಆ ಕೋಡ್ ಕಿತ್ತುಹಾಕುವುದಾದರೆ ಅದಕ್ಕೇ ಬೇರೆ ಟಿಕೆಟ್ ಮಾಡಿ. ಮುಗಿದ ಟಿಕೆಟನ್ನು ಮತ್ತೆ ತೆರೆಯಬೇಡಿ. ಅದು ಉಪಯೋಗಕ್ಕೆ ಬರಲಿಲ್ಲ, ಆದರೆ ಮುಗಿದದ್ದಂತೂ ಹೌದು.

ಸತ್ತ ಆರು ಟಿಕೆಟ್‌ಗಳನ್ನು ಈಗ Won't Do ಮಾಡಬಹುದು. ಸ್ಪ್ರಿಂಟ್‌ನ ಹೊರಗಿರುವುದರಿಂದ ಯಾವ ಸ್ಪ್ರಿಂಟ್‌ನ ಮೊತ್ತವನ್ನೂ ಅವು ಮುಟ್ಟುವುದಿಲ್ಲ. ಕೆಲಸ ಶುರುವಾಗಿದ್ದ 8 ಮತ್ತು 3 ಪಾಯಿಂಟ್‌ನ ಎರಡು ಟಿಕೆಟ್‌ಗಳಿಗೆ ಮಾತ್ರ ಹತ್ತು ನಿಮಿಷ ಜಾಸ್ತಿ ಕೊಡಿ. ಬ್ರಾಂಚ್‌ನ ಹೆಸರು, ಎಲ್ಲಿಯವರೆಗೆ ಬಂದಿತ್ತು, ಯಾವುದು ಇನ್ನೂ ಟೆಸ್ಟ್ ಆಗಿಲ್ಲ ಎನ್ನುವುದನ್ನು ಮಾಡುತ್ತಿದ್ದವರೇ ಕಾಮೆಂಟ್‌ನಲ್ಲಿ ಬರೆಯಲಿ, ಅದೂ ಇವತ್ತೇ. ಮುಂದಿನ ವಾರ ಅವರಿಗೂ ನೆನಪಿರುವುದಿಲ್ಲ. ಅರ್ಧ ಕೋಡನ್ನು “ಹೇಗೂ ಬರೆದಾಗಿದೆ” ಎಂದು ಮೇನ್ ಬ್ರಾಂಚ್‌ಗೆ ಸೇರಿಸಲು ಬಿಡಬೇಡಿ. ಎಂಟೂ ಟಿಕೆಟ್‌ಗಳನ್ನು “ಆಮೇಲೆ ನೋಡೋಣ” ಎಂದು ಬ್ಯಾಕ್‌ಲಾಗ್‌ನ ಮೇಲ್ಭಾಗದಲ್ಲೇ ಬಿಡುವ ತಂಡಗಳೂ ಇವೆ. ಪ್ರತಿ ಪ್ಲಾನಿಂಗ್‌ನಲ್ಲೂ ಯಾರಾದರೂ ಅವನ್ನು ತೆರೆದು “ಇದೇನಿದು?” ಎಂದು ಕೇಳುತ್ತಾರೆ, ಯಾರಾದರೂ ಇಡೀ ಕಥೆ ಮತ್ತೆ ಹೇಳುತ್ತಾರೆ.

ಬದುಕಿದ ಎರಡು ಟಿಕೆಟ್‌ಗಳ ಪಾಯಿಂಟ್ ಬದಲಿಸಬೇಕೇ? ಆರ್ಡರ್ ಇತಿಹಾಸದ ಪುಟ 5 ಪಾಯಿಂಟ್, ಆದರೆ ಉಳಿದಿರುವುದು ರಿವ್ಯೂ ಮಾತ್ರ. ಇದಕ್ಕೆ ಉತ್ತರ ನೀವು ಉಳಿದ ಐದು ದಿನವನ್ನು ಹೇಗೆ ಬಳಸುತ್ತೀರಿ ಎನ್ನುವುದರ ಮೇಲಿದೆ. ಎರಡು ದಾರಿ ಇವೆ.

ಮೊದಲನೆಯದು, ಹಳೇ ಸ್ಪ್ರಿಂಟ್ ಮುಗಿಯಬೇಕಿದ್ದ ದಿನಕ್ಕೇ ಮುಗಿಯುವ ಚಿಕ್ಕ ಸ್ಪ್ರಿಂಟ್. ರಿವ್ಯೂ, ರೆಟ್ರೊ, ಬೇರೆ ತಂಡಗಳ ಕ್ಯಾಲೆಂಡರ್ ಯಾವುದೂ ಅಲುಗಾಡುವುದಿಲ್ಲ. ಐದು ದಿನ ಉಳಿದಿರುವ ನಿಮಗೆ ನಾನು ಇದನ್ನೇ ಹೇಳುತ್ತೇನೆ. ಈ ದಾರಿಯಲ್ಲಿ ಪಾಯಿಂಟ್ ಮುಟ್ಟಬೇಡಿ. ಯಾಕೆಂದರೆ ರದ್ದಾದ ಸ್ಪ್ರಿಂಟ್ ಮತ್ತು ಈ ಚಿಕ್ಕ ಸ್ಪ್ರಿಂಟ್ ಎರಡನ್ನೂ ಕೂಡಿಸಿ ಒಂದೇ ಎರಡು ವಾರ ಎಂದು ಎಣಿಸಬಹುದು. ಮೊದಲ ವಾರ ಆ ಪುಟಕ್ಕೆ ಹೋದ ಶ್ರಮ ಎರಡನೇ ವಾರದಲ್ಲಿ 5 ಪಾಯಿಂಟ್ ಆಗಿ ಬರುತ್ತದೆ, ಮೊತ್ತದಲ್ಲಿ ಲೆಕ್ಕ ಸರಿಹೋಗುತ್ತದೆ.

ಎರಡನೆಯದು, ಇವತ್ತಿನಿಂದಲೇ ಹೊಸ ಎರಡು ವಾರ ಶುರು ಮಾಡಿ ಕ್ಯಾಲೆಂಡರನ್ನೇ ಸರಿಸುವುದು. ಎರಡೋ ಮೂರೋ ದಿನ ಮಾತ್ರ ಉಳಿದಿದ್ದರೆ, ಬೇರೆ ತಂಡಗಳ ಜೊತೆ ದಿನಾಂಕ ಹೊಂದಿಸುವ ಗೋಜೂ ಇಲ್ಲದಿದ್ದರೆ, ಇದು ಸರಿ. ಆಗ ರದ್ದಾದ ಸ್ಪ್ರಿಂಟನ್ನು ಸರಾಸರಿಯಿಂದ ಹೊರಗಿಡುತ್ತೀರಿ. ಹಾಗೆ ಹೊರಗಿಟ್ಟ ಮೇಲೆ ಆ ಪುಟವನ್ನು 5 ಎಂದೇ ಬಿಟ್ಟರೆ, ಅರ್ಧ ದಿನದ ರಿವ್ಯೂಗೆ ಹೊಸ ಸ್ಪ್ರಿಂಟ್ 5 ಪಾಯಿಂಟ್ ಗಳಿಸುತ್ತದೆ. ಅದನ್ನು ಸರಿದೂಗಿಸುವ ಸ್ಪ್ರಿಂಟ್ ಲೆಕ್ಕದಲ್ಲೇ ಇಲ್ಲ. ಆದ್ದರಿಂದ ಇಲ್ಲಿ ಉಳಿದ ಕೆಲಸಕ್ಕೆ ತಕ್ಕಂತೆ 1 ಎಂದು ಮತ್ತೆ ಅಂದಾಜು ಮಾಡಿ. ಮಾಡುವ ಹೊತ್ತು ಮುಖ್ಯ: ಹಳೇ ಸ್ಪ್ರಿಂಟ್ ಮುಗಿದ ಮೇಲೆ, ಹೊಸದು ಶುರುವಾಗುವ ಮೊದಲು. ನಡೆಯುತ್ತಿರುವ ಸ್ಪ್ರಿಂಟ್‌ನಲ್ಲಿ ಪಾಯಿಂಟ್ ತಿದ್ದಿದರೆ ಅದೂ ಬರ್ನ್‌ಡೌನ್‌ನಲ್ಲಿ ಸ್ಕೋಪ್ ಬದಲಾವಣೆಯಾಗಿ ಕಾಣುತ್ತದೆ.

ಚಿಕ್ಕ ಸ್ಪ್ರಿಂಟ್‌ಗೆ ಎಷ್ಟು ತುಂಬಬೇಕು? ನಿಮ್ಮ ಸರಾಸರಿ 30 ಎಂದಿಟ್ಟುಕೊಂಡರೆ ಅರ್ಧ ಎಂದು 15 ತೆಗೆದುಕೊಳ್ಳಬೇಡಿ. ಇವತ್ತಿನ ಅರ್ಧ ದಿನ ಈ ಮುಗಿಸುವ, ಪ್ಲಾನ್ ಮಾಡುವ ಕೆಲಸಕ್ಕೇ ಹೋಗುತ್ತದೆ. ಕೊನೆಯ ದಿನದ ರಿವ್ಯೂ, ರೆಟ್ರೊ ಪೂರ್ತಿ ಸ್ಪ್ರಿಂಟ್‌ನಲ್ಲಿ ತೆಗೆದುಕೊಂಡಷ್ಟೇ ಹೊತ್ತನ್ನು ಹೆಚ್ಚುಕಡಿಮೆ ಇಲ್ಲೂ ತಿನ್ನುತ್ತವೆ. ಬದುಕಿದ 7, ಹೊಸ ರೀಫಂಡ್ ಕೆಲಸದ 6, ಒಟ್ಟು 13. ಇದರಲ್ಲಿ 5 ಬಹುಪಾಲು ಆಗಿರುವುದರಿಂದ ಇಷ್ಟು ಹಿಡಿಯುತ್ತದೆ. ಗುರಿಯನ್ನೂ ಹೊಸದಾಗಿ ಬರೆಯಿರಿ: “ಹಳೇ ಪೇಮೆಂಟ್ ವ್ಯವಸ್ಥೆಯಲ್ಲಿ ರೀಫಂಡ್ ತಾನಾಗಿ ಹೋಗಬೇಕು.”

ಕೊನೆಗೆ ಮ್ಯಾನೇಜರ್‌ನ ಚಿಂತೆ. ಜಿರಾದ ವೆಲಾಸಿಟಿ ಚಾರ್ಟ್‌ನಲ್ಲಿ ಒಂದು ಸ್ಪ್ರಿಂಟನ್ನು ಮಾತ್ರ ಬಿಟ್ಟು ಲೆಕ್ಕ ಹಾಕುವ ಸೌಲಭ್ಯ ಇಲ್ಲ. ಅದು ಸ್ಪ್ರಿಂಟ್ ಐದು ದಿನದ್ದೋ ಹತ್ತು ದಿನದ್ದೋ ಎಂದೂ ನೋಡುವುದಿಲ್ಲ. ಹಿಂದಿನ ಐದು ಸ್ಪ್ರಿಂಟ್‌ಗಳು 30, 28, 33, 29, 30 ಎಂದಿರಲಿ, ಸರಾಸರಿ 30. ಇದಕ್ಕೆ 8 ಮತ್ತು 13ನ್ನು ಎರಡು ಬೇರೆ ಸ್ಪ್ರಿಂಟ್‌ಗಳಾಗಿ ಸೇರಿಸಿದರೆ ಏಳರ ಸರಾಸರಿ 24ರ ಹತ್ತಿರ ಬೀಳುತ್ತದೆ. ತಂಡ ಒಂದೇ ವಾರದಲ್ಲಿ ಐದನೇ ಒಂದು ಭಾಗ ನಿಧಾನವಾಯಿತೇ? ಇಲ್ಲ, ಚಾರ್ಟ್ ಎರಡು ಅರ್ಧಗಳನ್ನು ಎರಡು ಪೂರ್ಣ ಎಂದು ಎಣಿಸಿತು. ಎರಡನ್ನೂ ಕೂಡಿಸಿ 21 ಎಂದು ಒಂದೇ ಸ್ಪ್ರಿಂಟ್ ಮಾಡಿದರೆ ಆರರ ಸರಾಸರಿ 28.5. ಇದು ನಿಜವಾದ ಅಂಕಿ. ಆ 30ಕ್ಕೂ 28.5ಕ್ಕೂ ಇರುವ ಅಂತರ ಒಪ್ಪಂದ ಮುರಿದದ್ದರ ಬೆಲೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಆದ್ದರಿಂದ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಳ್ಳಿ. ಸ್ಪ್ರಿಂಟ್‌ನ ಹೆಸರು, ಕೆಲಸದ ದಿನ, ಶುರುವಿನ ಪಾಯಿಂಟ್, ಮುಗಿದ ಪಾಯಿಂಟ್, ಒಂದು ಟಿಪ್ಪಣಿ, ಇಷ್ಟೇ ಕಾಲಂ. ಮುಂದಿನ ಪ್ಲಾನಿಂಗ್‌ಗೆ ಇದರಿಂದ ಅಂಕಿ ತೆಗೆದುಕೊಳ್ಳಿ, ಜಿರಾದ ಚಾರ್ಟ್ ಪಾಡಿಗೆ ಅದು ಇರಲಿ. ಮ್ಯಾನೇಜರ್‌ಗೆ ಇವತ್ತೇ ಒಂದು ಮೇಲ್ ಹಾಕಿ, ಹೀಗೆ ಚಿಕ್ಕದಾಗಿ: “ಪೇಮೆಂಟ್ ಒಪ್ಪಂದ ಮುರಿದದ್ದರಿಂದ ಪ್ರಾಡಕ್ಟ್ ಓನರ್ ಈ ಸ್ಪ್ರಿಂಟನ್ನು ಐದನೇ ದಿನ ರದ್ದು ಮಾಡಿದ್ದಾರೆ. 34ರಲ್ಲಿ 8 ಪಾಯಿಂಟ್ ಮುಗಿದಿದೆ, 7 ಮುಂದುವರಿಯುತ್ತದೆ, 19 ಕೈಬಿಟ್ಟಿದ್ದೇವೆ. ಅದರಲ್ಲಿ 11 ಪಾಯಿಂಟ್‌ನ ಕೆಲಸ ಶುರುವಾಗಿತ್ತು. ಉಳಿದ ದಿನಗಳಿಗೆ ರೀಫಂಡ್ ಗುರಿಯ ಚಿಕ್ಕ ಸ್ಪ್ರಿಂಟ್ ನಡೆಯುತ್ತದೆ. ವೆಲಾಸಿಟಿ ಚಾರ್ಟ್‌ನಲ್ಲಿ ಈ ಎರಡು ಕಂಬಗಳನ್ನು ಸೇರಿಸಿ ಒಂದಾಗಿ ಓದಿ.” ಪ್ರಾಡಕ್ಟ್ ಓನರ್‌ಗೂ ಒಂದು ಪ್ರತಿ ಹಾಕಿ. ರದ್ದು ಮಾಡಿದ್ದು ಅವರು ಎನ್ನುವ ಮಾತು ಅವರು ಓದಿದ ಕಾಗದದಲ್ಲೇ ಇರಲಿ.